ಕಾಜುಬಾಗದ ಮನೆಯ ಬಾಡಿಗೆ ಕರಾರು: ಎರಡನೇ ಪುಟದಲ್ಲಿ ಇರುವುದು

ತಂಗೀ, ನೀನು ಕಳಿಸಿದ ಫೋಟೊ ಓದಿದೆ. ನಾಳೆ ಸಹಿ ಹಾಕುವ ಮುಂಚೆ ಇದನ್ನೊಮ್ಮೆ ನೋಡು.

ಮೊದಲು ದುಡ್ಡಿನದು. ಮುಂಗಡ ಅಂಕಿಯಲ್ಲಿ 50,000 ಅಂತಿದೆ, ಅಕ್ಷರದಲ್ಲಿ ಅರವತ್ತು ಸಾವಿರ! ಟೈಪಿಂಗ್ ತಪ್ಪೇ ಇರಬಹುದು. ಆದರೂ ತಿದ್ದಿಸಿ, ಪಕ್ಕದಲ್ಲಿ ಇಬ್ಬರೂ ಸಹಿ ಹಾಕದೆ ಒಂದು ರೂಪಾಯಿಯನ್ನೂ ಕೊಡಬೇಡ.

ಬಾಡಿಗೆ ತಿಂಗಳಿಗೆ 9,000. ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಕೊಡಬೇಕು, ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ. ನೀರಿಗೆ 300 ಬೇರೆ. ಹೆಸ್ಕಾಂ ಬಿಲ್ಲೂ ನಿನ್ನದೇ, ಹೋದ ದಿನವೇ ಮೀಟರ್ ರೀಡಿಂಗ್ ಫೋಟೊ ತೆಗೆದಿಟ್ಟುಕೋ.

ಅವಧಿ 1 ನವೆಂಬರ್ 2025ರಿಂದ 30 ಸೆಪ್ಟೆಂಬರ್ 2026, ಅಂದರೆ 11 ತಿಂಗಳು. ಒಂದು ವರ್ಷ ಮೀರಿದರೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೇ ಎಲ್ಲರೂ ಹನ್ನೊಂದೇ ಬರೆಸುತ್ತಾರೆ, ಗಾಬರಿ ಬೇಡ. ಮುಂದುವರಿಸಿದರೆ ಶೇ. 5 ಏರಿಕೆ, ಬಾಡಿಗೆ 9,450 ಆಗುತ್ತದೆ.

ಮೊದಲ ಆರು ತಿಂಗಳು ಬಿಡುವಂತಿಲ್ಲ. 30 ಏಪ್ರಿಲ್ 2026ಕ್ಕಿಂತ ಮೊದಲೇ ಖಾಲಿ ಮಾಡಿದರೆ, ಅಲ್ಲಿಯವರೆಗಿನ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳುತ್ತಾರೆ. ಆಮೇಲೆ ಬಿಡುವುದಾದರೆ ಎರಡು ತಿಂಗಳು ಮೊದಲು ಬರೆದು ತಿಳಿಸಬೇಕು. ಅವಧಿ ಮುಗಿದಾಗ ಬಿಡುವುದಾದರೂ ಅಷ್ಟೇ, ಜುಲೈ 31ರೊಳಗೆ ಪತ್ರ ಕೊಡು. ಓನರ್ ಬಿಡಿಸುವುದಾದರೆ ಎಷ್ಟು ದಿನ ಮೊದಲು ಹೇಳಬೇಕು ಅಂತ ಈ ಪುಟದಲ್ಲಿ ಇಲ್ಲವೇ ಇಲ್ಲ. ಅವರಿಗೂ ಎರಡು ತಿಂಗಳು ಅಂತ ಸೇರಿಸಲು ಕೇಳು. ಕೇಳುವುದರಲ್ಲಿ ನಾಚಿಕೆ ಏನಿದೆ?

ನನಗೆ ಚಿಂತೆ 9ನೇ ಕಲಮಿನದು. ಮನೆಯನ್ನು 'ಪಡೆದ ಸ್ಥಿತಿಯಲ್ಲೇ' ವಾಪಸ್ ಕೊಡಬೇಕಂತೆ. ಕಾರವಾರದ ಉಪ್ಪು ಗಾಳಿಗೆ ಕಿಟಕಿ ಸರಳು ಸುಮ್ನೆ ಇದ್ದರೂ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಗೋಡೆ ಪಾಚಿಗಟ್ಟುತ್ತದೆ. ನಮ್ಮ ಶಿರಸಿ ಮನೆಯ ಗೋಡೆ ನೋಡಿಲ್ವಾ? ಅದೆಲ್ಲ ನಿನ್ನ ತಲೆಗೆ ಬರಬಾರದು. 'ಬಳಕೆ ಮತ್ತು ಹವೆಯಿಂದಾದ ಸವಕಳಿ ಬಿಟ್ಟು' ಎಂಬ ಮಾತು ಸೇರಿಸಲು ಹೇಳು. ಸಾಮಾನು ಇಡುವ ಮೊದಲೇ ಪ್ರತಿ ಕೋಣೆ, ಸರಳು, ನಲ್ಲಿಯ ಫೋಟೊ ತೆಗೆದು ಅವತ್ತೇ ಅವರಿಗೆ ವಾಟ್ಸಾಪ್ ಮಾಡು. ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹೇಗೂ ಹಿಡಿಯುತ್ತಾರೆ. ಉಳಿದ ಮುಂಗಡ 30 ದಿನದೊಳಗೆ ವಾಪಸ್, ಬಡ್ಡಿ ಇಲ್ಲ.

ನಲ್ಲಿ, ಬಲ್ಬಿನಂಥ ಸಣ್ಣ ರಿಪೇರಿ ನಿನ್ನದು. ಹಂಚು ಸೋರಿದರೆ, ವೈರಿಂಗ್ ಕೆಟ್ಟರೆ ಅವರದು. ಬೇರೆಯವರಿಗೆ ಒಳಬಾಡಿಗೆ ಕೊಡುವಂತಿಲ್ಲ. ಗೆಳತಿ ಜೊತೆಗಿರುವುದಾದರೆ ಅವಳ ಹೆಸರನ್ನೂ ಈಗಲೇ ಬರೆಸು. ಮೀನು ಬೇಯಿಸುವುದರ ಬಗ್ಗೆ ಏನೂ ಇಲ್ಲ, ಕಾರವಾರ ಅಲ್ವಾ!

11ನೇ ಕಲಮಿನ ಕೊನೆಯ ಎರಡು ಸಾಲು ನಿನ್ನ ಹೆಬ್ಬೆರಳಿನಡಿ ಹೋಗಿವೆ. 'ಬಾಡಿಗೆದಾರರು ತಪ್ಪಿದಲ್ಲಿ' ಅನ್ನುವಲ್ಲಿಗೇ ನಿಂತಿದೆ. ಆ ಭಾಗವನ್ನೂ ಮೊದಲ ಪುಟವನ್ನೂ ಬೆಳಕಿನಲ್ಲಿಟ್ಟು ಮತ್ತೆ ಫೋಟೊ ತೆಗೆದು ಕಳಿಸು. ರಾತ್ರಿ ಹತ್ತರವರೆಗೂ ಎಚ್ಚರ ಇರುತ್ತೇನೆ.