ನಾಳೆಯ ಟೆಸ್ಟ್‌ಗೆ ಪುನರಾವರ್ತನೆ: ಮೂಲಭೂತ ಹಕ್ಕುಗಳು ಮತ್ತು ನಿರ್ದೇಶಕ ತತ್ವಗಳು

ದ್ವಿತೀಯ ಪಿಯುಸಿ, ರಾಜ್ಯಶಾಸ್ತ್ರ. ಮೊದಲು ಉತ್ತರ ಮುಚ್ಚಿಕೊಂಡು ಬರೆಯಿರಿ, ಆಮೇಲೆ ನೋಡಿ.

1. ಇವು ಸಂವಿಧಾನದ ಯಾವ ಭಾಗಗಳಲ್ಲಿವೆ?
ಉತ್ತರ: ಹಕ್ಕುಗಳು 3ನೇ ಭಾಗ (12–35ನೇ ವಿಧಿ). ತತ್ವಗಳು 4ನೇ ಭಾಗ (36–51).

2. ನಿರ್ದೇಶಕ ತತ್ವಗಳ ಕಲ್ಪನೆ ಎಲ್ಲಿಂದ ಬಂತು?
ಉತ್ತರ: ಐರ್ಲೆಂಡ್‌ನ 1937ರ ಸಂವಿಧಾನದಿಂದ.

3. ಸರ್ಕಾರ ಪಾಲಿಸದಿದ್ದರೆ ಕೋರ್ಟಿಗೆ ಹೋಗಬಹುದೇ?
ಉತ್ತರ: ಮೂಲಭೂತ ಹಕ್ಕಿಗೆ ಧಕ್ಕೆಯಾದರೆ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಗಬಹುದು. ನಿರ್ದೇಶಕ ತತ್ವವನ್ನು ಕೋರ್ಟ್ ಮೂಲಕ ಜಾರಿ ಮಾಡಿಸಲು ಆಗದು. ಹಾಗಂತ ಅವು ಸುಮ್ನೆ ಬರೆದಿಟ್ಟ ಮಾತಲ್ಲ. ಆಡಳಿತಕ್ಕೆ ಅವೇ ಬುನಾದಿ ಎಂದು 37ನೇ ವಿಧಿಯೇ ಹೇಳುತ್ತದೆ. ಈ ಎರಡನೇ ಅರ್ಧವನ್ನು ಬಹಳ ಜನ ಬರೆಯುವುದೇ ಇಲ್ಲ, ಅಂಕ ಹೋಗುವುದು ಅಲ್ಲೇ!

4. ಎರಡರ ನಡುವೆ ತಿಕ್ಕಾಟವಾದರೆ?
ಉತ್ತರ: 1951ರ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಹಕ್ಕುಗಳೇ ಮೇಲು ಎಂದು ತೀರ್ಪಾಯಿತು. 1980ರ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ, ಎರಡರ ಸಮತೋಲನವೇ ಸಂವಿಧಾನದ ಮೂಲ ರಚನೆಯ ಭಾಗ ಎಂದು ಕೋರ್ಟ್ ಹೇಳಿತು. ಮಿನರ್ವಾ ನಮ್ಮ ಬೆಂಗಳೂರಿನದೇ ಗಿರಣಿ, ನೆನಪಿಡಲು ಸುಲಭ ಅಲ್ವಾ?

5. ತತ್ವವೊಂದು ಹಕ್ಕಾದ ಉದಾಹರಣೆ ಕೊಡಿ.
ಉತ್ತರ: ಶಿಕ್ಷಣ. ಮೊದಲು ಅದು 45ನೇ ವಿಧಿಯ ಆಶಯವಾಗಿತ್ತು. ಕರ್ನಾಟಕದ ಕ್ಯಾಪಿಟೇಶನ್ ಶುಲ್ಕದ ಬಗ್ಗೆ ಬಂದ ಮೋಹಿನಿ ಜೈನ್ ಪ್ರಕರಣದಲ್ಲಿ (1992) ಸುಪ್ರೀಂ ಕೋರ್ಟ್ ಅದನ್ನು ಹಕ್ಕು ಎಂದಿತು. 2002ರ 86ನೇ ತಿದ್ದುಪಡಿ 21ಎ ವಿಧಿ ಸೇರಿಸಿತು: 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ.

6. ಹಕ್ಕುಗಳ ಪಟ್ಟಿಯಿಂದ ಹೊರಬಿದ್ದದ್ದು ಯಾವುದು?
ಉತ್ತರ: ಆಸ್ತಿ ಹಕ್ಕು, 1978ರ 44ನೇ ತಿದ್ದುಪಡಿಯಿಂದ. ಈಗ ಅದು 300ಎ ವಿಧಿಯಲ್ಲಿದೆ.