ಗೆರೆ ಎಳೆದ ಕ್ರಿಯಾಪದ ಯಾವ ಕಾಲದ್ದು? ಅಭ್ಯಾಸ ಹಾಳೆ

9ನೇ ತರಗತಿ. ಸಮಯ: 40 ನಿಮಿಷ. ಅಂಕ: 25

ಮಕ್ಕಳೇ,

ಕಾಲ ಮೂರೇ ಅಂತ ಚಿಕ್ಕ ತರಗತಿಯಿಂದ ಹೇಳಿಕೊಂಡು ಬಂದಿದ್ದೀರಿ. ಇಂಗ್ಲಿಷ್ ಪೀರಿಯಡ್‌ನಲ್ಲಿ ಹನ್ನೆರಡು ಟೆನ್ಸ್ ಅಂದ ಕೂಡಲೇ ಮುಖ ಬಾಡುತ್ತದೆ. ಆ ಹನ್ನೆರಡನ್ನೂ ನೀವು ಮನೆಯಲ್ಲಿ ಕನ್ನಡದಲ್ಲೇ ಆಡುತ್ತೀರಿ. ಹೆಸರು ಗೊತ್ತಿಲ್ಲ, ಅಷ್ಟೇ. ಅದಕ್ಕೇ ಈ ಹಾಳೆಯಲ್ಲಿ ಎಲ್ಲ ವಾಕ್ಯಗಳೂ ಕನ್ನಡದವು. ಇಲ್ಲಿ ಗುರುತು ಹಿಡಿದರೆ ಇಂಗ್ಲಿಷ್‌ನಲ್ಲಿ ಅರ್ಧ ಕಷ್ಟ ಕಮ್ಮಿ ಆಗುತ್ತದೆ.

ಪ್ರತಿ ವಾಕ್ಯಕ್ಕೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಮೊದಲನೆಯದು, ಯಾವಾಗ? ವರ್ತಮಾನವೋ, ಭೂತವೋ, ಭವಿಷ್ಯವೋ. ಎರಡನೆಯದು, ಕೆಲಸ ಎಲ್ಲಿಗೆ ಬಂದಿದೆ? ಸುಮ್ನೆ ಸಂಗತಿ ಹೇಳಿದ್ದರೆ ಸಾಮಾನ್ಯ. ನಡೆಯುತ್ತಾ ಇದ್ದರೆ ಮುಂದುವರಿದ. ಮುಗಿದಿದ್ದರೆ ಪೂರ್ಣ. ಮುಂಚೆ ಶುರುವಾಗಿ ಆ ಹೊತ್ತಿನವರೆಗೂ ನಡೆದುಕೊಂಡೇ ಬಂದಿದ್ದರೆ ಪೂರ್ಣ ಮುಂದುವರಿದ. ಇದಲ್ಲದೆ ಇನ್ನೊಂದಿದೆ: ಹಿಂದಿನ ಒಂದು ದಿನದಲ್ಲಿ ನಿಂತು ಅದರ ಮುಂದಿನದನ್ನು ಹೇಳುವುದು. ಅದನ್ನು ಭೂತದಲ್ಲಿ ಭವಿಷ್ಯ ಅನ್ನೋಣ.

ಗೆರೆ ಎಳೆದ ಪದದ ಕಾಲವನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಒಂದಕ್ಕೆ ಒಂದು ಅಂಕ.

ಭಾಗ 1: ಕೈ ಪಳಗಲಿ

1. ಕಾವೇರಿ ತಲಕಾವೇರಿಯಲ್ಲಿ <u>ಹುಟ್ಟುತ್ತಾಳೆ</u>.
2. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು <u>ಬಂತು</u>.
3. ಸ್ವಲ್ಪ ಇರು, ಅಮ್ಮ ರೊಟ್ಟಿ <u>ತಟ್ಟುತ್ತಿದ್ದಾಳೆ</u>.
4. ಹೋಂವರ್ಕ್ <u>ಮುಗಿಸಿದ್ದೇನೆ</u>, ಈಗ ಆಡೋಕೆ ಹೋಗಲಾ?
5. ನಾವು ಸ್ಟೇಷನ್ ಮುಟ್ಟುವಷ್ಟರಲ್ಲಿ ಹಾಸನದ ರೈಲು <u>ಹೊರಟುಹೋಗಿತ್ತು</u>.
6. ನಾಳೆ ಈ ಹೊತ್ತಿನಲ್ಲಿ ನಾವು ಹಂಪಿಯಲ್ಲಿ <u>ಸುತ್ತುತ್ತಿರುತ್ತೇವೆ</u>.
7. ಫೆಬ್ರವರಿ ಮುಗಿಯುವಷ್ಟರಲ್ಲಿ ಮೇಷ್ಟ್ರು ಪಾಠವನ್ನೆಲ್ಲ <u>ಮುಗಿಸಿರುತ್ತಾರೆ</u>.
8. ನಾಳೆ ಅತ್ತೆ <u>ಬರುತ್ತಾರೆ</u>.

ಭಾಗ 2: ಯಾವಾಗಿನಿಂದ?

9. ಮಳೆ <u>ಸುರಿಯುತ್ತಿದೆ</u>, ಕೊಡೆ ತಗೊಂಡು ಹೋಗು.
10. ಬೆಳಗಿನಿಂದ ಮಳೆ <u>ಸುರಿಯುತ್ತಿದೆ</u>.
11. ನಮ್ಮ ತಾತ ನಲವತ್ತು ವರ್ಷದಿಂದ ಇದೇ ಹೊಲದಲ್ಲಿ ರಾಗಿ <u>ಬೆಳೆಯುತ್ತಾ ಬಂದಿದ್ದಾರೆ</u>.
12. ಕರೆಂಟ್ ಹೋದಾಗ ಅಕ್ಕ ಎರಡು ತಾಸಿನಿಂದ <u>ಓದುತ್ತಿದ್ದಳು</u>.
13. ಚಿಕ್ಕವರಿದ್ದಾಗ ತಾತ ದಿನಾ ಶಾಲೆಗೆ ನಡೆದೇ <u>ಹೋಗುತ್ತಿದ್ದರು</u>.
14. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚುವ ಹೊತ್ತಿಗೆ ಅಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಜನ ಚಿನ್ನ <u>ತೆಗೆಯುತ್ತಾ ಬಂದಿದ್ದರು</u>.
15. ಬರುವ ಜೂನ್ ಹೊತ್ತಿಗೆ ನಮ್ಮ ಟೀಚರ್ ಇದೇ ಶಾಲೆಯಲ್ಲಿ ಹತ್ತು ವರ್ಷದಿಂದ ಪಾಠ <u>ಮಾಡುತ್ತಾ ಬಂದಿರುತ್ತಾರೆ</u>.

ಭಾಗ 3: ಅವತ್ತಿನ ನಾಳೆ

16. ಅವತ್ತು ಸಂಜೆ ಮಾವ <u>ಬರುವವರಿದ್ದರು</u>, ಅದಕ್ಕೇ ಅಮ್ಮ ಹೋಳಿಗೆ ಮಾಡಿದ್ದಳು.
17. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ಮುಂದೆ ಅದೇ ಕಟ್ಟೆ ಮಂಡ್ಯದ ಬಯಲಿಗೆ ನೀರು <u>ಕೊಡಲಿತ್ತು</u>.
18. ಚಂದ್ರಯಾನ-3 ಹಾರಿದ್ದು 2023ರ ಜುಲೈ 14ರಂದು. ನಲವತ್ತು ದಿನ ಕಳೆದು, ಆಗಸ್ಟ್ 23ಕ್ಕೆ, ಅದರ ಲ್ಯಾಂಡರ್ ಚಂದ್ರನ ಮೇಲೆ <u>ಇಳಿಯಲಿತ್ತು</u>.
19. ನಿನಗೆ ಫೋನ್ <u>ಮಾಡಬೇಕೆಂದಿದ್ದೆ</u>, ಅಷ್ಟರಲ್ಲಿ ನೀನೇ ಬಂದೆ.
20. "ನಾಳೆ <u>ಬರುತ್ತೇನೆ</u>" ಅಂತ ಲತಾ ಹೇಳಿದಳು.

ಭಾಗ 4: ಒಂದು ಸಣ್ಣ ಕತೆ

ಅವತ್ತು ಶನಿವಾರ. ಎರಡು ದಿನದಿಂದ ನಾನು ವಿಜ್ಞಾನದ ಮಾಡೆಲ್ ಜೊತೆ <u>ಒದ್ದಾಡುತ್ತಿದ್ದೆ</u> (21). ಸೋಮವಾರ ಅದನ್ನು ಶಾಲೆಯಲ್ಲಿ <u>ತೋರಿಸಲಿದ್ದೆ</u> (22). ಬೆಳಿಗ್ಗೆ ಎದ್ದು ನೋಡಿದರೆ ಬೆಕ್ಕು ಅಂಟಿನ ಡಬ್ಬಿ <u>ಉರುಳಿಸಿತ್ತು</u> (23). ತಮ್ಮ ಬಾಗಿಲ ಹತ್ತಿರ ನಿಂತು <u>ನಗುತ್ತಿದ್ದ</u> (24). ನನಗೆ ಅಳುವೇ ಬಂತು. "ಅಳಬೇಡ್ವೋ, ಅಪ್ಪ ಹೊಸ ಡಬ್ಬಿ <u>ತಂದಿದ್ದಾರೆ</u> (25)" ಅಂತ ಅಕ್ಕ ತಲೆ ಸವರಿದಳು.

ಉತ್ತರಗಳು (ಬರೆದು ಮುಗಿಸಿದ ಮೇಲೇ ನೋಡಿ)

ಭಾಗ 1: 1 ಸಾಮಾನ್ಯ ವರ್ತಮಾನ. 2 ಸಾಮಾನ್ಯ ಭೂತ. 3 ಮುಂದುವರಿದ ವರ್ತಮಾನ. 4 ಪೂರ್ಣ ವರ್ತಮಾನ. 5 ಪೂರ್ಣ ಭೂತ. 6 ಮುಂದುವರಿದ ಭವಿಷ್ಯ. 7 ಪೂರ್ಣ ಭವಿಷ್ಯ. 8 ಸಾಮಾನ್ಯ ಭವಿಷ್ಯ.

ಎಂಟನೆಯದಕ್ಕೆ ವರ್ತಮಾನ ಅಂತ ಬರೆದವರು ಬೇಜಾರಾಗಬೇಡಿ, ನಿಮ್ಮ ಕಣ್ಣು ಸರಿಯಾಗಿಯೇ ಇದೆ. ರೂಪ ವರ್ತಮಾನದ್ದೇ. "ಅತ್ತೆ ಬರುವರು" ಅಂತ ಪುಸ್ತಕದಲ್ಲಿ ಇರುತ್ತದೆ, ಮಾತಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ ಅಲ್ವಾ? "ನಾಳೆ" ಅನ್ನುವ ಪದವೇ ಕಾಲವನ್ನು ತೀರ್ಮಾನಿಸುತ್ತದೆ. ಹಾಗಾಗಿ ಕ್ರಿಯಾಪದದ ಬಾಲ ಮಾತ್ರ ನೋಡಬೇಡಿ, ಇಡೀ ವಾಕ್ಯ ಓದಿ.

ಭಾಗ 2: 9 ಮುಂದುವರಿದ ವರ್ತಮಾನ. 10 ಪೂರ್ಣ ಮುಂದುವರಿದ ವರ್ತಮಾನ. 11 ಅದೇ. 12 ಪೂರ್ಣ ಮುಂದುವರಿದ ಭೂತ. 13 ಮುಂದುವರಿದ ಭೂತದ ರೂಪ, ಅರ್ಥ ಹಿಂದಿನ ರೂಢಿ. 14 ಪೂರ್ಣ ಮುಂದುವರಿದ ಭೂತ. 15 ಪೂರ್ಣ ಮುಂದುವರಿದ ಭವಿಷ್ಯ.

ಈ ಭಾಗದಲ್ಲೇ ಜಾಸ್ತಿ ತಪ್ಪು ಆಗುವುದು. 9 ಮತ್ತು 10ರಲ್ಲಿ ಪದ ಒಂದೇ. ಒಂದಕ್ಷರವೂ ಬೇರೆ ಇಲ್ಲ. ಆದರೆ 9ರಲ್ಲಿ ಮಾತಾಡುವವರು ಈ ಕ್ಷಣದ ಮಳೆಯನ್ನು ತೋರಿಸುತ್ತಿದ್ದಾರೆ. 10ರಲ್ಲಿ ಬೆಳಗಿನಿಂದ ಈವರೆಗಿನ ಅಷ್ಟೂ ಮಳೆ ಸೇರಿದೆ. ಇಂಗ್ಲಿಷ್‌ನಲ್ಲಿ ಈ ಎರಡಕ್ಕೆ ಕ್ರಿಯಾಪದವೇ ಬೇರೆ ಆಗುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು "ಇಂದ" ಅನ್ನುವ ಪ್ರತ್ಯಯ ಮಾಡುತ್ತದೆ. ನಮ್ಮ ಮಕ್ಕಳು ಇಂಗ್ಲಿಷ್‌ನಲ್ಲಿ ಇಲ್ಲಿ ಎಡವುವುದು ದಡ್ಡತನದಿಂದ ಅಲ್ಲ. ನಮ್ಮ ಭಾಷೆ ಅದನ್ನು ಬೇರೆ ಜಾಗದಲ್ಲಿ ಇಟ್ಟಿದೆ. "ಯಾವಾಗಿನಿಂದ?" ಅಂತ ಕೇಳಿ. ವಾಕ್ಯದಲ್ಲಿ ಉತ್ತರ ಸಿಕ್ಕಿ, ಕೆಲಸ ಆ ಹೊತ್ತಿಗೂ ನಡೆಯುತ್ತಿದ್ದರೆ ಪೂರ್ಣ ಮುಂದುವರಿದ.

11ರಲ್ಲಿ "ಬಂದಿದ್ದಾರೆ" ಇದೆ ಅಂತ ತಾತ ಎಲ್ಲಿಂದಲೋ ಬಂದರು ಅಂದುಕೊಳ್ಳಬೇಡಿ. ಬಂದಿರುವುದು ಕೆಲಸ, ನಲವತ್ತು ವರ್ಷದ ದಾರಿಯಲ್ಲಿ. 13ರಲ್ಲಿ "ಚಿಕ್ಕವರಿದ್ದಾಗ" ಇದೆ, "ಚಿಕ್ಕಂದಿನಿಂದ" ಇಲ್ಲ. ಆದ್ದರಿಂದ ಪೂರ್ಣ ಮುಂದುವರಿದ ಅಲ್ಲ. ಮುಂದುವರಿದ ಭೂತ ಅಂತ ಬರೆದರೂ ಪೂರ್ತಿ ಅಂಕ.

ಭಾಗ 3: 16ರಿಂದ 19ರವರೆಗೆ ಭೂತದಲ್ಲಿ ಭವಿಷ್ಯ. 20 ಸಾಮಾನ್ಯ ಭವಿಷ್ಯ.

"ನಡೆಯಲಿದೆ" ಅಂದರೆ ಇವತ್ತಿನಿಂದ ಮುಂದೆ. "ನಡೆಯಲಿತ್ತು" ಅಂದರೆ ಅವತ್ತಿನಿಂದ ಮುಂದೆ. ಆಮೇಲೆ ಅದು ನಡೆಯಿತೋ ಇಲ್ಲವೋ ಅಂತ ಈ ಕಾಲ ಹೇಳುವುದಿಲ್ಲ. ಕನ್ನಂಬಾಡಿ ನೀರು ಕೊಟ್ಟಿತು, ಲ್ಯಾಂಡರ್ ಇಳಿಯಿತು. 16ರ ಮಾವ ಬಂದರೋ ಇಲ್ಲವೋ, ವಾಕ್ಯದಲ್ಲಿ ಸುಳಿವಿಲ್ಲ. 19ರಲ್ಲಿ "ಅಷ್ಟರಲ್ಲಿ" ಅನ್ನುವುದರಿಂದ ಫೋನ್ ಮಾಡಲಿಲ್ಲ ಅಂತ ಗೊತ್ತಾಗುತ್ತದೆ. 20ರಲ್ಲಿ ಲತಾಳ ಮಾತು ಅವಳ ಬಾಯಲ್ಲೇ ಉಳಿದಿದೆ, ಹಾಗಾಗಿ ಬರೀ ಭವಿಷ್ಯ. "ಲತಾ ಮರುದಿನ ಬರುವವಳಿದ್ದಳು" ಅಂತ ನಾವು ಹೇಳಿದ್ದರೆ ಆಗ ಭೂತದಲ್ಲಿ ಭವಿಷ್ಯ.

ಭಾಗ 4: 21 ಪೂರ್ಣ ಮುಂದುವರಿದ ಭೂತ, "ಎರಡು ದಿನದಿಂದ" ನೋಡಿ. 22 ಭೂತದಲ್ಲಿ ಭವಿಷ್ಯ. 23 ಪೂರ್ಣ ಭೂತ, ಏಳುವ ಮುಂಚೆಯೇ ಬೆಕ್ಕಿನ ಕೆಲಸ ಮುಗಿದಿತ್ತು. 24 ಮುಂದುವರಿದ ಭೂತ. 25 ಪೂರ್ಣ ವರ್ತಮಾನ. ಕತೆ ನಡೆದದ್ದು ಹಿಂದೆ, ಆದರೆ ಅಕ್ಕ ಮಾತಾಡುವಾಗ ಡಬ್ಬಿ ಮನೆಯಲ್ಲಿದೆ.