ಆಸ್ತಿ ತೆರಿಗೆ ದಾಖಲೆಯಲ್ಲಿ ಮಾಲೀಕರ ಹೆಸರು ಬದಲಾಯಿಸುವಂತೆ ಕೋರಿ ಅರ್ಜಿ

ದಿನಾಂಕ: 12-01-2026
ಮಡಿಕೇರಿ

ಇವರಿಗೆ,
ಪೌರಾಯುಕ್ತರು,
ನಗರಸಭೆ, ಮಡಿಕೇರಿ.

ಇವರಿಂದ,
ಜಯಂತಿ ಕೆ. ಎನ್.,
ಕೋಂ ದಿವಂಗತ ನಾಗೇಶ್,
ದೇಚೂರು, ಮಡಿಕೇರಿ.

ಮಾನ್ಯರೇ,

ವಿಷಯ: ದೇಚೂರಿನಲ್ಲಿ ಕ್ರಯಕ್ಕೆ ಪಡೆದ ಮನೆಯ ಖಾತೆ ಹಾಗೂ ಆಸ್ತಿ ತೆರಿಗೆ ದಾಖಲೆಯನ್ನು ನನ್ನ ಹೆಸರಿಗೆ ಬದಲಾಯಿಸುವ ಕುರಿತು.

ನಗರಸಭಾ ವ್ಯಾಪ್ತಿಯ ದೇಚೂರಿನಲ್ಲಿರುವ, ಆಸ್ತಿ ಸಂಖ್ಯೆ 412ರ 6 ಸೆಂಟ್ ನಿವೇಶನವನ್ನೂ ಅದರಲ್ಲಿರುವ ಹೆಂಚಿನ ಮನೆಯನ್ನೂ ನಾನು ಶ್ರೀ ಪಿ. ಎಂ. ಗಣೇಶ್ ಅವರಿಂದ ಖರೀದಿಸಿದ್ದು, 09-02-2023ರಂದು ಮಡಿಕೇರಿಯ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರವು ನೋಂದಣಿಯಾಗಿರುತ್ತದೆ. ಅಂದಿನಿಂದ ಮನೆ ನನ್ನ ಸ್ವಾಧೀನದಲ್ಲಿದ್ದು, ಪ್ರತಿ ವರ್ಷದ ಕಂದಾಯವನ್ನು ನಾನೇ ಪಾವತಿಸುತ್ತಿದ್ದೇನೆ. ಆದರೆ ರಸೀದಿಗಳು ಇಂದಿಗೂ ಶ್ರೀ ಗಣೇಶ್ ಅವರ ಹೆಸರಿನಲ್ಲಿಯೇ ಬರುತ್ತಿವೆ.

ಕ್ರಯವಾದ ಕೂಡಲೇ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸಬೇಕಾಗಿದ್ದುದು ನನ್ನ ಜವಾಬ್ದಾರಿಯಾಗಿತ್ತು. ಅದೇ ತಿಂಗಳು ನನ್ನ ಪತಿ ಅನಾರೋಗ್ಯದಿಂದ ಹಾಸಿಗೆ ಹಿಡಿದು, ಮೈಸೂರಿನ ಆಸ್ಪತ್ರೆಗೆ ಒಂದೂವರೆ ವರ್ಷ ಓಡಾಡಿದ ಮೇಲೆ ತೀರಿಕೊಂಡರು. ಆ ಸಮಯದಲ್ಲಿ ಈ ಕೆಲಸ ನನ್ನಿಂದಾಗಲಿಲ್ಲ. ವಿಳಂಬಕ್ಕೆ ನಿಯಮದಂತೆ ಶುಲ್ಕ ಅಥವಾ ದಂಡವಿದ್ದರೆ ಅದನ್ನು ಪಾವತಿಸಲು ಸಿದ್ಧಳಿದ್ದೇನೆ.

ಈಗ ಹೆಸರು ಬದಲಾವಣೆ ತುರ್ತಾಗಿ ಆಗಬೇಕಿದೆ. ಮನೆಯ ಹಿಂಬದಿಯ ಬರೆಯು 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಸ್ವಲ್ಪ ಜರಿದಿತ್ತು ಎಂದು ಮಾರಾಟಗಾರರು ಮುಚ್ಚಿಡದೆ ತಿಳಿಸಿಯೇ ನನಗೆ ಕೊಟ್ಟಿದ್ದರು; ಕಳೆದ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಮಣ್ಣು ಇಳಿದು ಅಡುಗೆಮನೆಯ ಗೋಡೆಯವರೆಗೂ ಬಂದಿದೆ. ಜೂನ್ ತಿಂಗಳಿಗೆ ಮುಂಚೆ ಕಲ್ಲಿನ ತಡೆಗೋಡೆ ಕಟ್ಟಿಸದಿದ್ದರೆ ನಾನೂ ನನ್ನ ವಯಸ್ಸಾದ ಅತ್ತೆಯವರೂ ಆ ಮನೆಯಲ್ಲಿ ಮಳೆಗಾಲ ಕಳೆಯುವುದು ಅಪಾಯಕರ. ತಡೆಗೋಡೆಗೆ ಅನುಮತಿ ಕೇಳಬೇಕಾದರೂ, ಅದಕ್ಕಾಗಿ ಬ್ಯಾಂಕಿನಿಂದ ಸಾಲ ಪಡೆಯಬೇಕಾದರೂ ಖಾತೆಯು ನನ್ನ ಹೆಸರಿನಲ್ಲಿರುವುದು ಅಗತ್ಯವಾಗಿದೆ.

ಒಂದು ಅಂಶವನ್ನು ಮುಂಚಿತವಾಗಿಯೇ ತಮ್ಮ ಗಮನಕ್ಕೆ ತರಬಯಸುತ್ತೇನೆ. ಕ್ರಯಪತ್ರದಲ್ಲಿ ನನ್ನ ಹೆಸರು ‘ಜಯಂತಿ ಕೆ. ಎನ್.’ ಎಂದೂ ಆಧಾರ್‌ನಲ್ಲಿ ‘ಕೆ. ಎನ್. ಜಯಂತಿ’ ಎಂದೂ ಇದೆ. ಇವೆರಡೂ ನನ್ನದೇ ಹೆಸರುಗಳೆಂದು ನೋಟರಿಯವರ ಮುಂದೆ ಮಾಡಿದ ಪ್ರಮಾಣಪತ್ರವನ್ನು ಲಗತ್ತಿಸಿದ್ದು, ದಾಖಲೆಯಲ್ಲಿ ಕ್ರಯಪತ್ರದಲ್ಲಿರುವಂತೆಯೇ ಹೆಸರನ್ನು ನಮೂದಿಸಬೇಕೆಂದು ಕೋರುತ್ತೇನೆ.

ಆದ್ದರಿಂದ ತಾವು ದಯವಿಟ್ಟು ಸ್ಥಳ ಪರಿಶೀಲನೆ ಅಗತ್ಯವಿದ್ದಲ್ಲಿ ಅದನ್ನು ನಡೆಸಿ, ಆಸ್ತಿ ತೆರಿಗೆ ವಹಿಯಲ್ಲಿಯೂ ಇ-ಆಸ್ತಿ ತಂತ್ರಾಂಶದಲ್ಲಿಯೂ ಶ್ರೀ ಗಣೇಶ್ ಅವರ ಹೆಸರಿನ ಬದಲು ನನ್ನ ಹೆಸರನ್ನು ದಾಖಲಿಸಿ, ಇ-ಖಾತೆಯ ನಮೂನೆ-3ನ್ನು ನೀಡಬೇಕೆಂದು ಪ್ರಾರ್ಥಿಸುತ್ತೇನೆ. ಪರಿಶೀಲನೆಗೆ ಬರುವ ದಿನವನ್ನು ಮೊದಲೇ ತಿಳಿಸಿದರೆ ಮೂಲ ದಾಖಲೆಗಳೊಂದಿಗೆ ಮನೆಯಲ್ಲಿ ಹಾಜರಿರುತ್ತೇನೆ. ಮಾರಾಟಗಾರರು ಈಗ ಮೈಸೂರಿನಲ್ಲಿದ್ದು, ಈ ಬದಲಾವಣೆಗೆ ತಮ್ಮ ಆಕ್ಷೇಪಣೆ ಇಲ್ಲವೆಂದು ಬರೆದುಕೊಟ್ಟಿರುತ್ತಾರೆ.

ನೋಂದಾಯಿತ ಕ್ರಯಪತ್ರದ ನಕಲು, ಇತ್ತೀಚಿನ ಋಣಭಾರ ಪ್ರಮಾಣಪತ್ರ, ಮಾರಾಟಗಾರರ ಹೆಸರಿನ ಖಾತೆಯ ನಕಲು ಮತ್ತು ಒಪ್ಪಿಗೆ ಪತ್ರ, 2023-24ರಿಂದ 2025-26ರವರೆಗಿನ ಕಂದಾಯ ರಸೀದಿಗಳು, ಆಧಾರ್ ನಕಲು, ಹೆಸರಿನ ಕುರಿತ ಪ್ರಮಾಣಪತ್ರ ಹಾಗೂ ಮನೆಯ ಮತ್ತು ಬರೆಯ ಛಾಯಾಚಿತ್ರಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಅರ್ಜಿ ಸ್ವೀಕರಿಸಿದ್ದಕ್ಕೆ ಹಿಂಬರಹ ನೀಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
(ಸಹಿ)
ಜಯಂತಿ ಕೆ. ಎನ್.